ಸೇರಿಸಿದ ಅಂಚು ಕಾಣದಿರಬೇಕಾದರೆ: ಟಿಫ್, ಜೆಪೆಗ್ ಮತ್ತು ಪಿಕ್ಸೆಲ್ ಲೆಕ್ಕ

ಚಿಕ್ಕಮಗಳೂರಿನ ನಮ್ಮ ಸ್ಟುಡಿಯೋಗೆ ವರ್ಷದುದ್ದಕ್ಕೂ ಬರುವ ಒಂದು ಕೆಲಸವಿದೆ. ಮನೆಯವರೆಲ್ಲ ಸೇರಿ ನಿಂತ ಗುಂಪು ಫೋಟೊ, ಅದರಲ್ಲಿ ಒಬ್ಬರು ಮಾತ್ರ ಇಲ್ಲ. ಅವರನ್ನು ಬೇರೊಂದು ಫೋಟೊದಿಂದ ತೆಗೆದು ಸೇರಿಸಿಕೊಡಬೇಕು. ಮಾಸ್ಕ್ ಮಾಡುವುದು, ಬೆಳಕು ಹೊಂದಿಸುವುದು, ನೆರಳು ಬಿಡಿಸುವುದು ಇವೆಲ್ಲ ಕಲಿತರೆ ಬರುತ್ತವೆ. ಆದರೆ ಪರದೆಯ ಮೇಲೆ ನಯವಾಗಿ ಬೆರೆತಿದ್ದ ಅಂಚು ಪ್ರಿಂಟ್ ಆಗಿ ಬಂದಾಗ ಎದ್ದು ಕಂಡರೆ, ತಪ್ಪು ಬಹುತೇಕ ಮಾಸ್ಕಿನದಲ್ಲ. ಕೆಲಸ ಮುಗಿದ ಮೇಲೆ ಕಡತವನ್ನು ಯಾವ ರೂಪದಲ್ಲಿ ಉಳಿಸಿದೆವು, ಎಷ್ಟು ಸಲ ಉಳಿಸಿದೆವು, ಯಾವ ಅಳತೆಗೆ ಇಳಿಸಿದೆವು ಎಂಬಲ್ಲಿ ಅದು ಇರುತ್ತದೆ. ಈ ಮೂರು ಆಯ್ಕೆಗಳನ್ನು ನನ್ನ ಕೈಯಲ್ಲೇ ಕೆಟ್ಟ ಒಂದು ಫೋಟೊವನ್ನು ಮುಂದಿಟ್ಟುಕೊಂಡು ಹೋಲಿಸುತ್ತೇನೆ.

ಅದು ತೋಟದ ಮನೆಯೊಂದರಲ್ಲಿ ಅಜ್ಜನಿಗೆ ಸಹಸ್ರ ಚಂದ್ರ ದರ್ಶನ ಮಾಡಿದ ದಿನದ ಫೋಟೊ. ಕಾಫಿ ಒಣಗಿಸುವ ಕಣದಲ್ಲಿ ಹದಿನೇಳು ಮಂದಿ ಎರಡು ಸಾಲಿನಲ್ಲಿ ನಿಂತಿದ್ದರು. ಹಿಂದೆ ಮೆಣಸಿನ ಬಳ್ಳಿ ಹಬ್ಬಿದ ಸಿಲ್ವರ್ ಓಕ್ ಮರಗಳು, ಅದರಾಚೆ ಬೆಟ್ಟವನ್ನು ಅರ್ಧ ನುಂಗಿದ ಮಂಜು. ಪರೀಕ್ಷೆ ಇದ್ದುದರಿಂದ ಮೊಮ್ಮಗಳು ಬಂದಿರಲಿಲ್ಲ. ಕೆಂಪು ರೇಷ್ಮೆ ಸೀರೆ ಉಟ್ಟು ಹಾಸ್ಟೆಲಿನ ಅಂಗಳದಲ್ಲಿ ತೆಗೆಸಿಕೊಂಡಿದ್ದ ಫೋಟೊವನ್ನು ಅವಳು ಮೊಬೈಲಿನಲ್ಲಿ ಕಳುಹಿಸಿದ್ದಳು. ‘ಅಣ್ಣ, ಅವಳೂ ಅಲ್ಲೇ ನಿಂತಿದ್ದಳು ಅನ್ನಿಸಬೇಕು, ಅಪ್ಪನಿಗೆ ಗೊತ್ತಾಗಬಾರದು’ ಎಂದು ಹುಡುಗಿಯ ತಂದೆ ಹೇಳಿ ಹೋದರು. ಗೋಡೆಗೆ ಹಾಕುವ 12×18 ಇಂಚಿನ ಪ್ರಿಂಟ್ ಅವರಿಗೆ ಬೇಕಿತ್ತು.

ಮೊದಲ ಪ್ರಿಂಟ್ ಬಂದಾಗ ಹುಡುಗಿಯ ತಲೆಯ ಸುತ್ತ, ಮಂಜಿನ ಬಿಳುಪಿನಲ್ಲಿ, ಸಣ್ಣ ಸಣ್ಣ ಚೌಕಗಳ ಒಂದು ಪ್ರಭಾವಳಿ ಕಾಣುತ್ತಿತ್ತು. ಪಕ್ಕದಲ್ಲೇ ನಿಂತಿದ್ದ ಅತ್ತೆಯ ತಲೆಯ ಸುತ್ತ ಅದು ಇರಲಿಲ್ಲ. ಆ ಪ್ರಿಂಟನ್ನು ಕೊಡಲು ನನಗೆ ಮನಸ್ಸಾಗಲಿಲ್ಲ.

ಕಣ್ಣು ಹಿಡಿಯುವುದು ವ್ಯತ್ಯಾಸವನ್ನು

ಕಡತದಲ್ಲಿ ಆಗುವ ನಷ್ಟವನ್ನು ನೋಡುವವರ ಕಣ್ಣು ಅಷ್ಟಾಗಿ ಹಿಡಿಯುವುದಿಲ್ಲ. ಹದಿನೆಂಟು ತಲೆಗಳ ಅಂಚೂ ಒಂದೇ ತೆರನಾಗಿ ಸ್ವಲ್ಪ ಕೆಟ್ಟಿದ್ದರೆ ಫೋಟೊ ಚೆನ್ನಾಗಿದೆ ಎಂದೇ ಅನ್ನಿಸುತ್ತದೆ. ಒಂದು ತಲೆಯ ಅಂಚು ಮಾತ್ರ ಉಳಿದವುಗಳಿಗಿಂತ ಬೇರೆ ರೀತಿಯಲ್ಲಿ ಕೆಟ್ಟಿದ್ದರೆ ಸಾಕು, ನೋಟ ಅಲ್ಲಿಗೇ ಹೋಗಿ ನಿಲ್ಲುತ್ತದೆ. ಹಾಗಾಗಿ ಎಕ್ಸ್‌ಪೋರ್ಟಿನ ಪ್ರತಿ ಆಯ್ಕೆಯ ಮುಂದೆಯೂ ನಾನು ಈಗ ಒಂದೇ ಪ್ರಶ್ನೆ ಇಡುತ್ತೇನೆ: ಇದು ಸಹಜ ಅಂಚನ್ನೂ ಸೇರಿಸಿದ ಅಂಚನ್ನೂ ಒಂದೇ ರೀತಿ ನಡೆಸಿಕೊಳ್ಳುತ್ತದೆಯೇ? ಬಣ್ಣದ ಪ್ರೊಫೈಲ್ ತಪ್ಪಾದರೆ ಇಡೀ ಚಿತ್ರ ಒಂದೇ ಕಡೆಗೆ ವಾಲುತ್ತದೆ. ಅದು ತಪ್ಪೇ ಹೌದು, ಆದರೆ ಅದರಿಂದ ಅಂಚು ಬಯಲಾಗುವುದಿಲ್ಲ. ಜೆಪೆಗ್ ಹಾಗಲ್ಲ. ಅದು ಚಿತ್ರದ ಒಂದೊಂದು ತುಣುಕನ್ನೂ ಬೇರೆ ಬೇರೆಯಾಗಿ ನೋಡುತ್ತದೆ.

ಜೆಪೆಗ್ ಚಿತ್ರವನ್ನು 8×8 ಪಿಕ್ಸೆಲ್‌ಗಳ ಚೌಕಗಳಾಗಿ ಕತ್ತರಿಸಿಕೊಂಡು, ಪ್ರತಿ ಚೌಕದೊಳಗಿನ ಸೂಕ್ಷ್ಮ ಏರಿಳಿತಗಳನ್ನು ಒರಟಾಗಿ ಪೂರ್ಣಾಂಕಗಳಿಗೆ ಇಳಿಸುತ್ತದೆ. ಗುಣಮಟ್ಟ ತಗ್ಗಿಸಿದಷ್ಟೂ ಆ ಒರಟುತನ ಹೆಚ್ಚುತ್ತದೆ. ಬರೀ ಮಂಜು ಇರುವ ಚೌಕದಲ್ಲಿ ಇರುವುದು ಕ್ಯಾಮೆರಾದ ಸಣ್ಣ ಗ್ರೇನ್ ಮಾತ್ರ, ಅದು ಸೊನ್ನೆಯಾಗಿ ಚೌಕ ಸಪಾಟಾಗುತ್ತದೆ. ಅರ್ಧ ಕೂದಲು ಅರ್ಧ ಮಂಜು ಇರುವ ಚೌಕದಲ್ಲಿ ಕಪ್ಪಿನಿಂದ ಬಿಳುಪಿಗೆ ಜಿಗಿತ ದೊಡ್ಡದು. ಅದನ್ನು ಒರಟು ಸಂಖ್ಯೆಗಳಲ್ಲಿ ಹೇಳಹೊರಟಾಗ ಮಂಜಿನ ಭಾಗಕ್ಕೂ ಅಲೆಗಳು ಚೆಲ್ಲುತ್ತವೆ. ಕೂದಲಿನ ಸುತ್ತ ಸೊಳ್ಳೆ ಮುತ್ತಿದಂತೆ ಕಾಣುವ ಕಲೆ ಅದೇ. ಅದು ಆ ಚೌಕದ ಗಡಿಯವರೆಗೆ ಬಂದು ಥಟ್ಟನೆ ನಿಲ್ಲುತ್ತದೆ, ಮುಂದಿನ ಚೌಕ ಸಪಾಟು. 300 ಪಿಕ್ಸೆಲ್ ಪ್ರತಿ ಇಂಚಿನ ಪ್ರಿಂಟಿನಲ್ಲಿ ಇಂಥ ಒಂದು ಚೌಕದ ಬದಿ ಸುಮಾರು 0.68 ಮಿಲಿಮೀಟರ್. ಕೈಯಲ್ಲಿ ಹಿಡಿದು ನೋಡುವವರಿಗೆ ಅದು ಧಾರಾಳವಾಗಿ ಕಾಣುವ ಅಳತೆ.

ನನ್ನ ಕೈಗೆ ಬರುವ ಮುನ್ನ ಅತ್ತೆಯ ಕೂದಲಿಗೆ ಈ ಕಷ್ಟ ಒಂದೇ ಸಲ ಬಂದಿತ್ತು. ಹುಡುಗಿಯ ಕೂದಲಿಗೆ ಮೊಬೈಲಿನಲ್ಲಿ ಒಂದು ಸಲ, ವಾಟ್ಸ್‌ಆ್ಯಪ್‌ನಲ್ಲಿ ಇನ್ನೊಂದು ಸಲ ಆಗಲೇ ಬಂದುಹೋಗಿತ್ತು. ಇಬ್ಬರದರ ಮೇಲೂ ನಾನು ಮಾಡಿದ್ದು ಸೇರಿತು.

ನಾನು ಮಾಡಿದ್ದು ಹೀಗೆ. ಸಂಜೆ ಕೆಲಸ ಮುಗಿಸಿ, ಲೇಯರ್‌ಗಳನ್ನು ಒಂದಾಗಿಸಿ, ಫೋಟೊಶಾಪಿನಲ್ಲಿ 8ನೇ ಗುಣಮಟ್ಟದಲ್ಲಿ ಜೆಪೆಗ್ ಉಳಿಸಿದೆ. ಮರುದಿನ ಅದೇ ಜೆಪೆಗ್ ತೆರೆದು ಎಡಗಡೆಯಿಂದ 13 ಪಿಕ್ಸೆಲ್ ಕತ್ತರಿಸಿದೆ, ಮಂಜು ತೀರಾ ಪೇಲವವಾಗಿದೆಯೆಂದು ಕರ್ವ್ಸ್‌ನಲ್ಲಿ ಅದರ ಕಾಂಟ್ರಾಸ್ಟ್ ಏರಿಸಿದೆ, ಮತ್ತೆ 8ರಲ್ಲೇ ಉಳಿಸಿ ಲ್ಯಾಬಿಗೆ ಕಳುಹಿಸಿದೆ. ಏನೂ ಬದಲಿಸದೆ ಅದೇ ಗುಣಮಟ್ಟದಲ್ಲಿ ಮತ್ತೆ ಉಳಿಸಿದ್ದರೆ ನಷ್ಟ ಅತ್ಯಲ್ಪ, ಯಾಕೆಂದರೆ ಚೌಕಗಳು ಅದೇ ಜಾಗದಲ್ಲಿರುತ್ತವೆ, ಸಂಖ್ಯೆಗಳೂ ಹೆಚ್ಚುಕಡಿಮೆ ಅವೇ ಇರುತ್ತವೆ. ಆದರೆ 13 ಎಂಬುದು 8ರಿಂದ ಭಾಗವಾಗುವುದಿಲ್ಲ. ಹಳೆಯ ಚೌಕಗಳ ಗಡಿಗಳು ಹೊಸ ಚೌಕಗಳ ನಡುವೆ ಬಂದು ಕುಳಿತವು, ಜೆಪೆಗ್ ಆ ಗಡಿಗಳನ್ನೂ ಚಿತ್ರದ ವಿವರವೆಂದೇ ತಿಳಿದು ಉಳಿಸಿತು. ಕರ್ವ್ಸ್ ಆ ಗಡಿಗಳ ಕಾಂಟ್ರಾಸ್ಟನ್ನು ಮೊದಲೇ ಹಿಗ್ಗಿಸಿತ್ತು. ಮಂಜಿನಲ್ಲಿ ಕಂಡ ಪ್ರಭಾವಳಿ ಹುಟ್ಟಿದ್ದು ಹೀಗೆ.

ಮೂಲ ಕಡತಕ್ಕೆ ಯಾವ ರೂಪ?

ಇಲ್ಲಿ ಆಯ್ಕೆ ಸುಲಭ, ಆದರೂ ಬಹಳ ಮಂದಿ ಎಡವುವುದು ಇಲ್ಲಿಯೇ. ಲೇಯರ್ ಮತ್ತು ಮಾಸ್ಕ್ ಸಮೇತ ಪಿಎಸ್‌ಡಿ ಅಥವಾ ಲೇಯರ್ ಇರುವ ಟಿಫ್, ಎರಡರಲ್ಲಿ ಒಂದು ಸದಾ ಇರಬೇಕು. ಕತ್ತರಿಸುವುದು, ಬಣ್ಣ ತಿದ್ದುವುದು, ಮಂಜಿಗೆ ಕಾಂಟ್ರಾಸ್ಟ್ ಕೊಡುವುದು ಎಲ್ಲವೂ ಅದರಲ್ಲೇ ಆಗಬೇಕು. ಜೆಪೆಗ್ ತೆರೆದು ತಿದ್ದುವುದನ್ನು ನಾನು ಪೂರ್ತಿ ಬಿಟ್ಟಿದ್ದೇನೆ. ಪ್ರತಿ ಪ್ರಿಂಟ್ ಅಳತೆಗೂ ಮೂಲದಿಂದಲೇ ಹೊಸದಾಗಿ ಒಂದು ಜೆಪೆಗ್ ಹೊರಡುತ್ತದೆ, ಅದನ್ನು ಮತ್ತೆ ಯಾರೂ ಉಳಿಸುವುದಿಲ್ಲ.

16 ಬಿಟ್ಟಿನಲ್ಲಿ ಇಡಬೇಕೇ, 8 ಸಾಕೇ ಎಂದು ಕೇಳುವವರಿಗೆ ನನ್ನ ಉತ್ತರ: ಮಂಜು, ಸಂಜೆಯ ಆಕಾಶ, ಬಣ್ಣ ಬಳಿದ ಗೋಡೆ ಮುಂತಾದ ಮೆಲ್ಲಗೆ ಬದಲಾಗುವ ಹಿನ್ನೆಲೆ ಇದ್ದರೆ 16. ಎರಡು ಚಿತ್ರಗಳು ಮಾಸ್ಕಿನ ಮೆದು ಅಂಚಿನಲ್ಲಿ ಬೆರೆಯುವಾಗ ನಡುವಿನ ಛಾಯೆಗಳು ಬೇಕಾಗುತ್ತವೆ. 8 ಬಿಟ್ಟಿನಲ್ಲಿ ಒಂದು ಬಣ್ಣಕ್ಕೆ 256 ಮೆಟ್ಟಿಲುಗಳಷ್ಟೇ ಇರುವುದರಿಂದ, ಎರಡು ಮೂರು ಸಲ ಕರ್ವ್ಸ್ ಹಾಕಿದ ಮೇಲೆ ಮಂಜಿನಲ್ಲಿ ಪಟ್ಟೆಗಳು ಏಳುತ್ತವೆ. ಮೊಬೈಲಿನಿಂದ ಬಂದ ಹುಡುಗಿಯ ಚಿತ್ರ 8 ಬಿಟ್ಟಿನದೇ ಆಗಿದ್ದರೂ, ಬೆರೆಸುವ ಲೆಕ್ಕ 16ರಲ್ಲಿ ನಡೆಯುವುದರಿಂದ ಲಾಭವಿದೆ. ಬೆಲೆಯನ್ನು ಜಾಗದಲ್ಲಿ ತೆರಬೇಕು: 5400×3600 ಪಿಕ್ಸೆಲ್ ಚಿತ್ರ ಲೇಯರ್ ಇಲ್ಲದೆಯೇ 8 ಬಿಟ್ಟಿನಲ್ಲಿ ಸುಮಾರು 58 ಎಂಬಿ, 16ರಲ್ಲಿ ಅದರ ಎರಡರಷ್ಟು. ಹಿನ್ನೆಲೆಯೆಲ್ಲ ಎಲೆ, ಕಲ್ಲು, ಹೆಂಚು ಆಗಿದ್ದರೆ 8 ಸಾಕು, ಅಲ್ಲಿ ಪಟ್ಟೆ ಕಾಣುವ ಜಾಗವೇ ಇಲ್ಲ.

ಟಿಫ್ ಉಳಿಸುವಾಗ 16 ಬಿಟ್ಟಿಗೆ ಜಿಪ್ ಸಂಕೋಚನ ಆರಿಸಿ. ಎಲ್‌ಜೆಡ್‌ಡಬ್ಲ್ಯೂ ಆರಿಸಿದರೆ 16 ಬಿಟ್ ಫೋಟೊ ಚಿಕ್ಕದಾಗುವ ಬದಲು ಕೆಲವೊಮ್ಮೆ ದೊಡ್ಡದಾಗುತ್ತದೆ. ಎರಡರಲ್ಲೂ ಚಿತ್ರಕ್ಕೆ ನಷ್ಟವಿಲ್ಲ. ಟಿಫ್‌ನೊಳಗೇ ಜೆಪೆಗ್ ಸಂಕೋಚನ ಎಂಬ ಆಯ್ಕೆಯೂ ಇರುತ್ತದೆ, ಅದನ್ನು ಮುಟ್ಟಬೇಡಿ.

ಪಿಎನ್‌ಜಿಯಲ್ಲೂ ನಷ್ಟವಿಲ್ಲ. ಅದರ ನಿಜವಾದ ಉಪಯೋಗ ಕತ್ತರಿಸಿದ ಆಕೃತಿಯನ್ನು ಪಾರದರ್ಶಕ ಅಂಚಿನ ಸಮೇತ ಇನ್ನೊಬ್ಬರಿಗೆ ಕಳುಹಿಸುವಾಗ. ಜೆಪೆಗ್‌ಗೆ ಪಾರದರ್ಶಕತೆ ಗೊತ್ತಿಲ್ಲ. ಮೆದು ಅಂಚಿನ ಕೂದಲನ್ನು ಬಿಳಿ ಹಿನ್ನೆಲೆಯ ಮೇಲೆ ಜೆಪೆಗ್ ಮಾಡಿ ಕಳುಹಿಸಿದರೆ ಅರೆ ಪಾರದರ್ಶಕ ಕೂದಲಿನೊಳಗೆ ಬಿಳುಪು ಸೇರಿಹೋಗುತ್ತದೆ. ಆಮೇಲೆ ಎಷ್ಟು ಉಜ್ಜಿದರೂ ಕಡು ಹಿನ್ನೆಲೆಯ ಮೇಲೆ ಆ ಬಿಳಿ ಗೆರೆ ಹೋಗುವುದಿಲ್ಲ. ವೆಬ್‌ಪಿ ಪ್ರಿಂಟಿಗೆ ಬೇಡ, ಅದರ ನಷ್ಟದ ರೂಪದಲ್ಲಿ ಬಣ್ಣದ ವಿವರ ಯಾವಾಗಲೂ ಇಳಿದೇ ಇರುತ್ತದೆ. ಆ ವಿಷಯಕ್ಕೇ ಈಗ ಬರುತ್ತೇನೆ.

ಕೆಂಪು ಸೀರೆ, ಹಸಿರು ಎಲೆ

ಜೆಪೆಗ್ ಬೆಳಕನ್ನೂ ಬಣ್ಣವನ್ನೂ ಬೇರೆ ಮಾಡಿ ಉಳಿಸುತ್ತದೆ. 4:4:4 ಎಂದರೆ ಪ್ರತಿ ಪಿಕ್ಸೆಲ್‌ಗೂ ಅದರದೇ ಬಣ್ಣ. 4:2:0 ಎಂದರೆ ಎರಡಕ್ಕೆ ಎರಡರಂತೆ ನಾಲ್ಕು ಪಿಕ್ಸೆಲ್‌ಗೆ ಸೇರಿ ಒಂದೇ ಬಣ್ಣ, ಬೆಳಕು ಮಾತ್ರ ನಾಲ್ಕಕ್ಕೂ ಬೇರೆ. ನಮ್ಮ ಕಣ್ಣು ಬಣ್ಣದ ಸೂಕ್ಷ್ಮಕ್ಕಿಂತ ಬೆಳಕಿನ ಸೂಕ್ಷ್ಮವನ್ನು ಚೆನ್ನಾಗಿ ಹಿಡಿಯುವುದರಿಂದ ಈ ಉಳಿತಾಯ ಸಾಮಾನ್ಯವಾಗಿ ನಡೆದುಹೋಗುತ್ತದೆ. ಒಮ್ಮೆ ಮಾತ್ರ 4:2:0 ಆದ ಕಡತವನ್ನು 300ರಲ್ಲಿ ಪ್ರಿಂಟ್ ಮಾಡಿದರೆ ಬಹುಪಾಲು ಫೋಟೊಗಳಲ್ಲಿ ನನಗೂ ಗುರುತು ಸಿಗುವುದಿಲ್ಲ.

ಕೆಂಪು ಸೀರೆ ಹಸಿರು ಎಲೆಗಳ ಎದುರು ನಿಂತಾಗ ಮಾತ್ರ ಅದು ಬಯಲಾಗುತ್ತದೆ. ಅಂಚಿನ ನಾಲ್ಕು ಪಿಕ್ಸೆಲ್‌ಗಳಲ್ಲಿ ಎರಡು ಕೆಂಪು, ಎರಡು ಹಸಿರಾಗಿದ್ದರೆ ಉಳಿಯುವುದು ಎರಡರ ಸರಾಸರಿ, ಅಂದರೆ ಮಣ್ಣಿನ ಬಣ್ಣ. ಹುಡುಗಿಯ ಫೋಟೊ ವಾಟ್ಸ್‌ಆ್ಯಪ್‌ನಲ್ಲಿ ಬರುವಾಗಲೇ ಹೀಗಾಗಿತ್ತು. ಅದರಲ್ಲಿ ಅವಳ ಎತ್ತರ 1200 ಪಿಕ್ಸೆಲ್, ಗುಂಪಿನಲ್ಲಿ ಅವಳು ಹೊಂದಬೇಕಾದರೆ 1500 ಬೇಕಿತ್ತು. ಒಂದೂಕಾಲು ಪಟ್ಟು ಹಿಗ್ಗಿಸಿದಾಗ ಆ ಮಣ್ಣಿನ ಬಣ್ಣದ ಅಂಚೂ ಅಷ್ಟೇ ಹಿಗ್ಗಿತು. ಕೊನೆಯ ಕಡತವನ್ನೂ 4:2:0ರಲ್ಲಿ ಉಳಿಸಿದ್ದರೆ ಅದು ಇನ್ನಷ್ಟು ಅಗಲವಾಗುತ್ತಿತ್ತು, ಪಕ್ಕದ ಅತ್ತೆಯ ಸೀರೆಯ ಅಂಚಾದರೋ ಚೊಕ್ಕವಾಗಿ ಇರುತ್ತಿತ್ತು. ಇದಕ್ಕೆ ಮದ್ದು ಎರಡು. ಮಾಸ್ಕಿನ ಅಂಚನ್ನು ಒಂದೆರಡು ಪಿಕ್ಸೆಲ್ ಒಳಕ್ಕೆ ಸರಿಸಿ ಮಣ್ಣಿನ ಗೆರೆಯನ್ನೇ ಹೊರಗೆ ಬಿಡುವುದು, ಮತ್ತು ಕೊನೆಯ ಜೆಪೆಗ್ ಅನ್ನು 4:4:4ರಲ್ಲೇ ಉಳಿಸುವುದು.

ಫೋಟೊಶಾಪ್ ಈ ಆಯ್ಕೆಯನ್ನು ಹೆಸರು ಹೇಳಿ ಕೇಳುವುದಿಲ್ಲ. Save As ಅಥವಾ Save a Copy ಮೂಲಕ ಉಳಿಸುವಾಗ 0ಯಿಂದ 12ರ ಅಳತೆಯಲ್ಲಿ 7 ಮತ್ತು ಮೇಲಿನವು 4:4:4, ಆರು ಮತ್ತು ಕೆಳಗಿನವು 4:2:0. Save for Web ಕಿಟಕಿಯಲ್ಲಿ ಅಳತೆ 100ರವರೆಗೆ ಹೋಗುತ್ತದೆ, ಅಲ್ಲಿ 51ರಿಂದ ಮೇಲೆ ಪೂರ್ಣ ಬಣ್ಣ. ಗಿಂಪ್ ಬಳಸುವವರಿಗೆ ಉಳಿಸುವ ಕಿಟಕಿಯ ಮುಂದುವರಿದ ಆಯ್ಕೆಗಳಲ್ಲಿ ನೇರವಾಗಿಯೇ ಸಿಗುತ್ತದೆ. ಇನ್ನೊಂದು ಎಚ್ಚರಿಕೆ: ಒಂದು ತಂತ್ರಾಂಶದ 90 ಇನ್ನೊಂದರ 90 ಅಲ್ಲ, ಫೋಟೊಶಾಪಿನ 10 ಎಂದರೆ ನೂರಕ್ಕೆ ಎಂಬತ್ತಮೂರೂ ಅಲ್ಲ. ಸಂಖ್ಯೆ ನೋಡಿ ಹೋಲಿಸಬೇಡಿ, ಅಂಚು ನೋಡಿ ಹೋಲಿಸಿ.

ಗುಣಮಟ್ಟ 8, 10, 12ರ ನಡುವೆ ಯಾವುದು? ಒಂದೇ ಮೂಲದಿಂದ ಮೂರನ್ನೂ ಮಾಡಿ ಒಂದೇ ಕಾಗದದ ಮೇಲೆ ಪ್ರಿಂಟ್ ಮಾಡಿಸಿ ನೋಡಿದ್ದೇನೆ. 10 ಮತ್ತು 12ರ ಪ್ರಿಂಟ್‌ಗಳನ್ನು ಕಲಸಿಟ್ಟರೆ ಬೇರ್ಪಡಿಸಲು ನನ್ನಿಂದ ಆಗಲಿಲ್ಲ. 8ರಲ್ಲಿ ಮಂಜಿನ ಗ್ರೇನ್ ಅಲ್ಲಲ್ಲಿ ಅಳಿಸಿ ತೇಪೆಯಂತೆ ಕಂಡಿತು. ಹಾಗಾದರೆ 10 ಸಾಕಲ್ಲವೇ? ಲ್ಯಾಬಿನವರು ಕಡತವನ್ನು ತೆರೆದು ಮುಟ್ಟುವುದಿಲ್ಲ ಎಂಬ ಖಾತ್ರಿ ಇದ್ದರೆ ಸಾಕು. ಎಷ್ಟೋ ಕಡೆ ಬೆಳಕು ತಿದ್ದಿ ಮತ್ತೆ ಉಳಿಸುತ್ತಾರೆ, ಹಾಗಾಗಿ ಆ ಎರಡನೆಯ ಪೆಟ್ಟನ್ನು ತಡೆಯುವಷ್ಟು ಹೆಚ್ಚುವರಿ ಇರಲಿ ಎಂದು ನಾನು 12ರಲ್ಲೇ ಕೊಡುತ್ತೇನೆ. ಈ ಅಳತೆಯ ಗುಂಪು ಫೋಟೊ ಹತ್ತರಿಂದ ಇಪ್ಪತ್ತು ಎಂಬಿ ಆಗಬಹುದು. ಪೆನ್‌ಡ್ರೈವಿಗೆ ಅದು ಭಾರವಲ್ಲ.

ಲ್ಯಾಬ್ ಟಿಫ್ ತೆಗೆದುಕೊಳ್ಳುವುದಾದರೆ 8 ಬಿಟ್ಟಿನ, ಲೇಯರ್ ಇಲ್ಲದ ಟಿಫ್ ಇನ್ನೂ ಒಳ್ಳೆಯದು. ನಾವು ಕಳುಹಿಸುವ ಲ್ಯಾಬ್‌ಗಳು ಎಸ್‌ಆರ್‌ಜಿಬಿ ಜೆಪೆಗ್ ಮಾತ್ರ ಕೇಳುವುದರಿಂದ ಆ ದಾರಿ ನಮಗೆ ಅಪರೂಪ.

ಎಷ್ಟು ಪಿಕ್ಸೆಲ್‌ಗೆ ಇಳಿಸಬೇಕು

‘ತ್ರೀ ಹಂಡ್ರೆಡ್ ಡಿಪಿಐ ಮಾಡಿ ಕಳಿಸಿ’ ಎಂದು ಲ್ಯಾಬಿನವರು ಫೋನಿನಲ್ಲಿ ಹೇಳುತ್ತಾರೆ. ಕಡತದಲ್ಲಿ ಬರೆದಿರುವ ಆ ಸಂಖ್ಯೆ ಒಂದು ಚೀಟಿ ಮಾತ್ರ. 5400×3600 ಪಿಕ್ಸೆಲ್ ಚಿತ್ರದ ಮೇಲೆ 72 ಎಂದು ಬರೆದಿದ್ದರೂ 300 ಎಂದು ಬರೆದಿದ್ದರೂ ಒಳಗಿನ ಚಿತ್ರ ಒಂದೇ. ಲೆಕ್ಕ ಹಾಕಬೇಕಾದದ್ದು ಪಿಕ್ಸೆಲನ್ನು ಇಂಚಿನಿಂದ ಭಾಗಿಸಿ. Resample ಗುರುತು ತೆಗೆದು ಸಂಖ್ಯೆ ಬದಲಿಸಿದರೆ ಚೀಟಿ ಮಾತ್ರ ಬದಲಾಗುತ್ತದೆ, ಗುರುತು ಹಾಗೇ ಇದ್ದರೆ ಪಿಕ್ಸೆಲ್‌ಗಳೇ ಬದಲಾಗುತ್ತವೆ.

ನನ್ನ ಕ್ಯಾಮೆರಾದ ಚಿತ್ರ 6000×4000. ಅದನ್ನು 18×12 ಇಂಚಿಗೆ ಹರಡಿದರೆ ಇಂಚಿಗೆ 333. ಹಾಗೇ ಕಳುಹಿಸಿ ಲ್ಯಾಬಿನ ಯಂತ್ರವೇ ಇಳಿಸಿಕೊಳ್ಳಲಿ ಎಂದು ಬಿಡುವುದು ಒಂದು ಆಯ್ಕೆ. ನಾನೇ 5400×3600ಕ್ಕೆ ಇಳಿಸಿ ಕಳುಹಿಸುವುದು ಇನ್ನೊಂದು. ಎರಡನೆಯದನ್ನೇ ನಾನು ಆರಿಸುವುದಕ್ಕೆ ಕಾರಣ ಗ್ರೇನ್.

ಹುಡುಗಿಯ ಚಿತ್ರವನ್ನು ಹಿಗ್ಗಿಸಿದ್ದೆ, ಹಾಗಾಗಿ ಅವಳ ಮುಖ, ಸೀರೆಯ ಮೇಲಿನ ಗ್ರೇನ್ ದಪ್ಪ ಮತ್ತು ಮೆದು. ಉಳಿದವರದು ಸಣ್ಣ ಮತ್ತು ಚೂಪು. ಅಂಚು ಎಷ್ಟೇ ನಯವಾಗಿ ಬೆರೆತಿದ್ದರೂ ಈ ವ್ಯತ್ಯಾಸ ಅವಳ ಆಕೃತಿಯನ್ನು ಗೆರೆ ಎಳೆದಂತೆ ತೋರಿಸುತ್ತದೆ. ಎಲ್ಲವನ್ನೂ ಹೊದಿಸುವಂತೆ ತೆಳುವಾದ ಹೊಸ ಗ್ರೇನ್ ಹಾಕಿದರೆ ಅದು ಮುಚ್ಚಿಹೋಗುತ್ತದೆ. ಆದರೆ 333ರಲ್ಲಿ ಹಾಕಿ ಆಮೇಲೆ ಇಳಿಸಿದರೆ ಪಕ್ಕಪಕ್ಕದ ಕಾಳುಗಳು ಸರಾಸರಿಯಾಗಿ ಮಾಸುತ್ತವೆ, ಎಷ್ಟು ಮಾಸುತ್ತವೆ ಎಂಬುದು ಇಳಿಸುವ ಯಂತ್ರದ ಕೈಯಲ್ಲಿರುತ್ತದೆ. ಆದ್ದರಿಂದ ಮೊದಲು ಕೊನೆಯ ಅಳತೆಗೆ ಇಳಿಸು, ಬೇಕಿದ್ದರೆ ಚೂಪು ಮಾಡು, ಎಲ್ಲಕ್ಕಿಂತ ಕೊನೆಗೆ ಗ್ರೇನ್ ಹಾಕು ಎಂಬುದು ನನ್ನ ಕ್ರಮ. ಶೇಕಡಾ 1ರಿಂದ 1.5ರಷ್ಟು, ಬಣ್ಣವಿಲ್ಲದ ಗ್ರೇನ್ ಈ ಫೋಟೊಗೆ ಸಾಕಾಯಿತು. ಮಂಜಿನ ಪಟ್ಟೆಯನ್ನೂ ಅದೇ ಒಡೆದುಹಾಕಿತು. ಗ್ರೇನ್ ಹಾಕಿದ ಮೇಲೆ ಗುಣಮಟ್ಟ ತಗ್ಗಿಸಿದರೆ ಜೆಪೆಗ್ ಅದನ್ನೇ ಮೊದಲು ತಿನ್ನುತ್ತದೆ, 12ಕ್ಕೆ ಅಂಟಿಕೊಳ್ಳಲು ಇದೂ ಒಂದು ಕಾರಣ.

ಚೂಪು ಮಾಡುವುದರಲ್ಲಿ ಕೈ ಹಿಡಿತವಿರಲಿ. ಮಾಸ್ಕಿನಿಂದ ಮೂಡಿದ ಅಂಚಿಗೂ ಲೆನ್ಸಿನಿಂದ ಮೂಡಿದ ಅಂಚಿಗೂ ಮೆದುತನ ಒಂದೇ ಆಗಿರುವುದಿಲ್ಲ, ಹಾಗಾಗಿ ಚೂಪು ಮಾಡುವ ಫಿಲ್ಟರ್ ಎರಡರ ಸುತ್ತ ಎರಡು ಬಗೆಯ ಬಿಳಿ ಗೆರೆ ಎಳೆಯುತ್ತದೆ. ಲ್ಯಾಬಿನಲ್ಲಿ ತಾನಾಗಿ ಚೂಪು ಮಾಡುವ, ಬಣ್ಣ ತಿದ್ದುವ ಆಯ್ಕೆಗಳನ್ನು ಆರಿಸದಂತೆ ಹೇಳುವುದೂ ಇದೇ ಕಾರಣಕ್ಕೆ.

ಇಂಚಿಗೆ 300 ನಿಜವಾಗಿ ಬೇಕೇ? ಕಣ್ಣು ಸುಮಾರು ಒಂದು ಕೋನನಿಮಿಷದಷ್ಟನ್ನು, ಅಂದರೆ ಡಿಗ್ರಿಯ ಅರವತ್ತನೇ ಒಂದು ಭಾಗವನ್ನು, ಬೇರ್ಪಡಿಸಿ ನೋಡಬಲ್ಲದು ಎಂದಿಟ್ಟುಕೊಂಡರೆ, 30 ಸೆಂಟಿಮೀಟರ್ ದೂರದಲ್ಲಿ ಅದು ಇಂಚಿಗೆ 290 ಆಗುತ್ತದೆ, 60 ಸೆಂಟಿಮೀಟರಿನಲ್ಲಿ 145. ಗೋಡೆಯ ಮೇಲಿನ ಫೋಟೊಗೆ 200 ಸಾಕು ಎಂಬ ಮಾತು ಲೆಕ್ಕಕ್ಕೆ ಸರಿ. ಆದರೆ ನಮ್ಮ ಊರಿನಲ್ಲಿ ಫ್ರೇಮ್ ಹಾಕುವ ಮುನ್ನ ಪ್ರಿಂಟ್ ಮನೆಯವರೆಲ್ಲರ ಕೈ ದಾಟುತ್ತದೆ. ಅಜ್ಜಿ ಕನ್ನಡಕ ಏರಿಸಿ, ಕಿಟಕಿಯ ಬೆಳಕಿಗೆ ಹಿಡಿದು, ಒಬ್ಬೊಬ್ಬರ ಮುಖವನ್ನೂ ಬೆರಳಿಟ್ಟು ನೋಡುತ್ತಾರೆ. ಆ ನೋಟಕ್ಕೆ 300 ಬೇಕು. ಮೂಲದಲ್ಲಿ ಅಷ್ಟು ಪಿಕ್ಸೆಲ್ ಇಲ್ಲದಿದ್ದರೆ ಸುಮ್ಮನೆ ಹಿಗ್ಗಿಸಿ 300 ಮಾಡುವುದಕ್ಕಿಂತ 8×12 ಇಂಚಿನ ಪ್ರಿಂಟ್ ಮಾಡಿಸಿ ಎಂದು ಹೇಳುವುದು ನನಗೆ ಹೆಚ್ಚು ಪ್ರಾಮಾಣಿಕವಾಗಿ ಕಾಣುತ್ತದೆ.

ಕಳುಹಿಸುವ ಮುನ್ನ ಪರೀಕ್ಷೆ

ಪರೀಕ್ಷಿಸಬೇಕಾದದ್ದು ಉಳಿಸಿದ ಜೆಪೆಗ್ ಅನ್ನು. ಪರದೆಯಲ್ಲಿ ತೆರೆದಿರುವ ಮೂಲ ಕಡತ ಯಾವಾಗಲೂ ಚೆನ್ನಾಗಿಯೇ ಕಾಣುತ್ತದೆ. ಜೆಪೆಗ್ ಅನ್ನು ಹೊಸದಾಗಿ ತೆರೆದು, ಅದೇ ಅಳತೆಗೆ ಇಳಿಸಿ ಗ್ರೇನ್ ಹಾಕಿದ ಪ್ರತಿಯ ಮೇಲೆ ಲೇಯರಾಗಿ ಇಟ್ಟು, ಬೆರೆಸುವ ವಿಧಾನ Difference ಮಾಡಿ. ಪರದೆ ಕಪ್ಪಾಗುತ್ತದೆ. ಮೇಲೊಂದು ಲೆವೆಲ್ಸ್ ಹಾಕಿ ಬಿಳಿ ಗುಂಡಿಯನ್ನು ಎಡಕ್ಕೆ ಎಳೆದರೆ ಜೆಪೆಗ್ ಎಲ್ಲೆಲ್ಲಿ ಏನು ಬದಲಿಸಿದೆ ಎಂಬುದು ಬೆಳಗುತ್ತದೆ. ಎಲ್ಲರ ಅಂಚೂ ಸ್ವಲ್ಪ ಮಿನುಗುವುದು ಸಹಜ. ಸೇರಿಸಿದವರ ಅಂಚು ಮಾತ್ರ ಪಕ್ಕದವರಿಗಿಂತ ಹೆಚ್ಚು ಮಿನುಗಿದರೆ, ಅಥವಾ ಅವರ ಮೈ ಪೂರ್ತಿ ಬೇರೆ ಛಾಯೆಯಲ್ಲಿ ಕಂಡರೆ ಗುಣಮಟ್ಟ ಸಾಲದು, ಇಲ್ಲವೇ ಗ್ರೇನ್ ಹೊಂದಿಲ್ಲ. ಆಮೇಲೆ 200 ಶೇಕಡಾ ಹಿಗ್ಗಿಸಿ ಎರಡು ತಲೆಗಳನ್ನು, ಸೇರಿಸಿದ್ದನ್ನೂ ಅದರ ಪಕ್ಕದ ಸಹಜವಾದದ್ದನ್ನೂ, ಒಂದಾದ ಮೇಲೊಂದರಂತೆ ನೋಡಿ.

ಇಮೇಜ್‌ಮ್ಯಾಜಿಕ್ ಬಳಸುವವರು ಗ್ರೇನ್ ಹಾಕಿ ಮುಗಿಸಿದ, ಎಸ್‌ಆರ್‌ಜಿಬಿಯಲ್ಲಿರುವ ಟಿಫ್‌ನಿಂದ ಜೆಪೆಗ್ ತೆಗೆದು, ಬಂದದ್ದನ್ನು ಹೀಗೆ ಪರಿಶೀಲಿಸಬಹುದು:

```
magick final.tif -sampling-factor 4:4:4 -quality 95 print.jpg
magick identify -format "%w %h %Q %[jpeg:sampling-factor]\n" print.jpg
```

ಕೊನೆಯಲ್ಲಿ `1x1,1x1,1x1` ಎಂದು ಬಂದರೆ ಪೂರ್ಣ ಬಣ್ಣವಿದೆ, `2x2,1x1,1x1` ಎಂದು ಬಂದರೆ ಇಳಿದಿದೆ. ಲ್ಯಾಬಿನಿಂದ ಹಿಂತಿರುಗಿದ ಕಡತದ ಮೇಲೂ ಎರಡನೆಯ ಸಾಲನ್ನು ಓಡಿಸಿ ನೋಡಿ. ಪಿಕ್ಸೆಲ್ ಅಥವಾ ಗುಣಮಟ್ಟ ಬದಲಾಗಿದ್ದರೆ ಯಾರೋ ತೆರೆದು ಮತ್ತೆ ಉಳಿಸಿದ್ದಾರೆ ಎಂದರ್ಥ.

ದೊಡ್ಡ ಪ್ರಿಂಟಿಗೆ ಮುಂಚೆ ನಾನು ಒಂದು ತುಣುಕು ಮಾಡಿಸುತ್ತೇನೆ. ಕೊನೆಯ ಚಿತ್ರದಿಂದ ಅಳತೆ ಬದಲಿಸದೆ 1800×1200 ಪಿಕ್ಸೆಲ್ ಕತ್ತರಿಸಿದರೆ ಅದು ಸರಿಯಾಗಿ 6×4 ಇಂಚು. ಸೇರಿಸಿದ ತಲೆ, ಪಕ್ಕದ ತಲೆ, ನಡುವಿನ ಮಂಜು ಮೂರೂ ಅದರಲ್ಲಿ ಬರುವಂತೆ ನೋಡಿಕೊಂಡು, ಅದೇ ಕಾಗದದ ಮೇಲೆ ಪ್ರಿಂಟ್ ಮಾಡಿಸುವುದು. ಒಂದು ಚಿಕ್ಕ ಪ್ರಿಂಟಿನ ಖರ್ಚಿನಲ್ಲಿ ದೊಡ್ಡದರ ಗತಿ ಗೊತ್ತಾಗುತ್ತದೆ.

ಅದೇ ಫೋಟೊ ಫ್ಲೆಕ್ಸ್‌ಗೆ

ಕೆಲವು ತಿಂಗಳ ನಂತರ ಅದೇ ಮನೆಯವರು ಇನ್ನೊಂದು ಸಮಾರಂಭಕ್ಕೆ ಆ ಫೋಟೊವನ್ನು ಆರು ಅಡಿ ಅಗಲದ ಫ್ಲೆಕ್ಸ್ ಮಾಡಿಸಬೇಕೆಂದರು. 5400 ಪಿಕ್ಸೆಲನ್ನು 72 ಇಂಚಿಗೆ ಹರಡಿದರೆ ಇಂಚಿಗೆ 75, ಫ್ಲೆಕ್ಸ್‌ಗೆ ಅದು ರೂಢಿಯ ಅಳತೆಯೇ. ಪಿಕ್ಸೆಲ್ ಸಾಕು, ಆದರೆ ಅಂಚಿನ ಲೆಕ್ಕ ಬೇರೆ. 3 ಪಿಕ್ಸೆಲ್ ಮೆದು ಮಾಡಿದ್ದ ಅಂಚು 12×18ರಲ್ಲಿ ಕಾಲು ಮಿಲಿಮೀಟರ್ ಇತ್ತು, ಫ್ಲೆಕ್ಸ್‌ನಲ್ಲಿ ಅದು ಒಂದು ಮಿಲಿಮೀಟರ್. ಎರಡು ಮೀಟರ್ ದೂರದಿಂದ ಕಣ್ಣು ಬೇರ್ಪಡಿಸುವುದು ಸುಮಾರು 0.6 ಮಿಲಿಮೀಟರ್, ನಾಲ್ಕು ಮೀಟರಿನಿಂದ ಸುಮಾರು 1.2. ಅಂದರೆ ವೇದಿಕೆಯಿಂದ ನಾಲ್ಕು ಮೀಟರ್ ಆಚೆ ಕುಳಿತವರಿಗೆ ಪರವಾಗಿಲ್ಲ, ಬಾಗಿಲಲ್ಲಿ ಫ್ಲೆಕ್ಸ್ ಪಕ್ಕ ನಿಂತು ಮೊಬೈಲಿನಲ್ಲಿ ಫೋಟೊ ತೆಗೆಸಿಕೊಳ್ಳುವವರಿಗೆ ಕೂದಲಿನ ಸುತ್ತ ಮಬ್ಬು ಪಟ್ಟಿ ಕಾಣುತ್ತದೆ. 8×8 ಚೌಕವೂ ಅಲ್ಲಿ 2.7 ಮಿಲಿಮೀಟರ್ ಆಗಿರುತ್ತದೆ. ಹಾಗಾಗಿ ಗೋಡೆಯ ಪ್ರಿಂಟಿನ ಜೆಪೆಗ್ ಅನ್ನೇ ಫ್ಲೆಕ್ಸ್ ಅಂಗಡಿಗೆ ಕೊಡಲಿಲ್ಲ. ಮೂಲ ತೆರೆದು, ಅವಳ ಮಾಸ್ಕಿನ ಮೆದುತನವನ್ನು ಪಕ್ಕದವರ ಅಂಚಿನಷ್ಟಕ್ಕೇ ತಂದು, ಹೊಸ ಕಡತ ಮಾಡಿದೆ. ಫ್ಲೆಕ್ಸ್ ಅಂಗಡಿಯವರು ಅದರ ಮೇಲೆ ಹೆಸರು, ದಿನಾಂಕ ಬರೆದು ಪಿಡಿಎಫ್ ಮಾಡುತ್ತಾರೆ, ಅಲ್ಲಿಯೂ ಚಿತ್ರಗಳನ್ನು ಮತ್ತೆ ಜೆಪೆಗ್ ಮಾಡುವ, ಅಳತೆ ಇಳಿಸುವ ಆಯ್ಕೆ ಇರುತ್ತದೆ. ಅದನ್ನು ನಿಲ್ಲಿಸಿದ್ದಾರೆಯೇ ಎಂದು ಕೇಳಿ ಖಚಿತ ಮಾಡಿಕೊಂಡೆ.

ಕಳುಹಿಸುವ ದಾರಿಯ ಬಗ್ಗೆ ಒಂದು ಮಾತು ಉಳಿದಿದೆ. ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಎಂದು ಕಳುಹಿಸಿದರೆ ಸಾಮಾನ್ಯ ಗುಣಮಟ್ಟದಲ್ಲಿ ಉದ್ದ ಬದಿ ಸುಮಾರು 1600 ಪಿಕ್ಸೆಲ್‌ಗೆ ಇಳಿಯುತ್ತದೆ. 18 ಇಂಚಿಗೆ ಅದು ಇಂಚಿಗೆ 90ಕ್ಕೂ ಕಡಿಮೆ. ಡಾಕ್ಯುಮೆಂಟ್ ಎಂದು ಕಳುಹಿಸಿದರೆ ಕಡತ ಇದ್ದಂತೆಯೇ ಹೋಗುತ್ತದೆ. ಗ್ರಾಹಕರಿಂದ ಫೋಟೊ ತರಿಸಿಕೊಳ್ಳುವಾಗಲೂ ಈಗ ಹಾಗೆಯೇ ಕೇಳುತ್ತೇನೆ. ಆ ಹುಡುಗಿಗೂ ಫೋನ್ ಮಾಡಿ ಮೊಬೈಲಿನಲ್ಲಿದ್ದ ಮೂಲ ಫೋಟೊವನ್ನು ಡಾಕ್ಯುಮೆಂಟಾಗಿ ತರಿಸಿಕೊಂಡೆ. ಅದರಲ್ಲಿ ಅವಳ ಎತ್ತರ 2900 ಪಿಕ್ಸೆಲ್ ಇತ್ತು. ಹಿಗ್ಗಿಸುವ ಬದಲು ಅರ್ಧದಷ್ಟಕ್ಕೆ ಇಳಿಸಿದಾಗ ಹಳೆಯ ಚೌಕಗಳೂ ಸೀರೆಯ ಮಣ್ಣಿನ ಬಣ್ಣವೂ ಅರ್ಧಕ್ಕರ್ಧ ಕರಗಿಹೋದವು. ಎರಡನೆಯ ಪ್ರಿಂಟ್ ಆದದ್ದು ಅದರಿಂದಲೇ, ಈಗ ಅದು ಅವರ ಮನೆಯ ಜಗಲಿಯ ಗೋಡೆಯಲ್ಲಿದೆ.